ಮತ್ತ ಬರಬ್ಯಾಡ್ರಿ

ನಮ್ಮ ಕಡೆ 'ಹೋಗುತ್ತೇನೆ' ಎಂದು ಹೇಳಿ ಯಾರೂ ಏಳುವುದಿಲ್ಲ. 'ಹೋಗಿ ಬರ್ತೀನ್ರಿ' ಎನ್ನುತ್ತೇವೆ. ಈ ಮಾತು ಸಲ್ಲದ ಕೆಲವೇ ಜಾಗಗಳಲ್ಲಿ ಆಸ್ಪತ್ರೆಯೂ ಒಂದು. ಅಲ್ಲಿ ನರ್ಸು 'ಇನ್ನ ಮತ್ತ ಬರಬ್ಯಾಡ್ರಿ' ಎಂದು ಹರಸಿ ಕಳಿಸುತ್ತಾಳೆ. ಆದರೆ ಎಲ್ಲ ರೋಗಿಗಳಿಗೂ ಈ ಹಾರೈಕೆ ಸಾಕೆ?

ಇಳಕಲ್ಲಿನ ನಮ್ಮ ದೊಡ್ಡವ್ವ ಸಕ್ಕರೆ ಕಾಯಿಲೆಯವಳು. ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ಹಲಗೆ ತುಳಿದು ಸೀರೆ ನೇಯ್ದವಳು. ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳು ಅವಳಿಗೆ ತಿಳಿಯಲೇ ಇಲ್ಲ. ಈ ಕಾಯಿಲೆ ವರ್ಷಗಳಾದಂತೆ ಕಾಲಿನ ನರಗಳನ್ನು ಮಂಕು ಮಾಡುತ್ತದೆ. ಹುಣ್ಣು ಮಾಯಲು ಬಾಗಲಕೋಟೆಯಲ್ಲಿ ಏಳು ವಾರ ಮಲಗಬೇಕಾಯಿತು.

ಬಿಡುಗಡೆಯ ದಿನ ಅವಳು, "ಬದಾಮಿ ಬನಶಂಕರಿಗೆ ಬರಿಗಾಲಲೆ ನಡಕೊಂಡ ಬರ್ತೀನಂತ ಹರಕಿ ಹೊತ್ತೀನ್ರಿ ಬಾಯಾರ" ಎಂದಳು. ಸಿಸ್ಟರ್ ನಗಲಿಲ್ಲ. "ಹರಕಿ ಬಿಡಬ್ಯಾಡ್ರಿ ಯವ್ವಾ, ಬಸ್ಸಿನ್ಯಾಗ ಹೋಗ್ರಿ. ಕಾಲ ಉಳಿಸಿದಾಕಿ ಅದನ್ನ ಮತ್ತ ಕೇಳೂದಿಲ್ಲ" ಎಂದಳು. ಆಮೇಲೆ ಸೊಸೆಯನ್ನು ಕರೆದು ಹೇಳಿದ್ದು ಇಷ್ಟು: ದಿನಾ ರಾತ್ರಿ ಅಂಗಾಲು, ಬೆರಳಸಂದಿ ನೋಡಬೇಕು, ಯಾರೂ ಇಲ್ಲದಿದ್ದರೆ ಕೆಳಗೆ ಕನ್ನಡಿ ಹಿಡಿದು ತಾನೇ ನೋಡಿಕೊಳ್ಳಬೇಕು. ಕಾಲಿಗೆ ನೀರು ಹಾಕುವ ಮೊದಲು ಬಿಸಿ ಎಷ್ಟೆಂದು ಸೊಸೆ ಮೊಣಕೈಯಿಂದ ನೋಡಬೇಕು. ಚಪ್ಪಲಿ ಝಾಡಿಸಿ ಮೆಟ್ಟಬೇಕು, ಮನೆಯೊಳಗೂ ಬರಿಗಾಲು ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು. ಡಾಕ್ಟರು ಹೇಳುವ ತನಕ ಮಗ್ಗ ತುಳಿಯಬಾರದು. ಕೂತು ಕಂಡಿಕೆ ಸುತ್ತಬಹುದು.

ಕೊನೆಗೆ ದೊಡ್ಡವ್ವನ ಕೈ ಹಿಡಿದು, "ನೀವು ಮತ್ತ ಬರಬಾರದು ಅಂತನ ನನ್ನ ಆಸೆ. ಆದರ ಗುಳ್ಳಿ ಎದ್ದರ, ಕೆಂಪಾದರ, ಒಂದ ಕಾಲ ಇನ್ನೊಂದಕ್ಕಿಂತ ಬೆಚ್ಚಗಾದರ, ಅವತ್ತ ಬರ್ರಿ. ನೋವಿಲ್ಲಂತ ಕುಂದರಬ್ಯಾಡ್ರಿ. ನಾ ಬೈಯೂದಿಲ್ಲ" ಎಂದಳು.

ಆ ಕೊನೆಯ ಮಾತಿನ ಬೆಲೆ ನನಗೆ ನಂತರ ತಿಳಿಯಿತು. ಇಂಥ ಹುಣ್ಣು ಮಾದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಮೇಲಿನ ಚರ್ಮ ಕೂಡಿಕೊಂಡರೂ ನರದ ಮಂಕು ಹೋಗಿರುವುದಿಲ್ಲ. ಅಂಥವರಿಗೆ 'ಮತ್ತ ಬರಬ್ಯಾಡ್ರಿ' ಎಂದಷ್ಟೇ ಹೇಳಿದರೆ, ಗುಳ್ಳೆ ಎದ್ದ ದಿನ ಅದೇ ಮಾತು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅದರಲ್ಲೂ ನಾವು ಹೆಂಗಸರು ಖರ್ಚಿಗೆ ಅಂಜಿ, ನಾಲ್ಕು ಜನರ ಮಾತಿಗೆ ಅಂಜಿ, ಸೆರಗಿನಂಚಿನಲ್ಲಿ ಕಾಲು ಮುಚ್ಚಿಕೊಳ್ಳುವವರು. ತಡವಾದ ಒಂದೊಂದು ದಿನವೂ ಬೆರಳನ್ನೋ ಪಾದವನ್ನೋ ಕೇಳಬಹುದು.

ಹಾಗಾದರೆ ಶುಭ ಹಾರೈಸುವುದು ಸುಳ್ಳೇ? ಅಲ್ಲ. ಒಳ್ಳೆಯದನ್ನು ಬಯಸುವುದು ಬೇರೆ, ಒಳ್ಳೆಯದೇ ಆಗುತ್ತದೆಂದು ನಂಬಿಸುವುದು ಬೇರೆ. ಆ ಸಿಸ್ಟರ್ ಮೊದಲನೆಯದನ್ನು ಮನಸಾರೆ ಮಾಡಿದಳು, ಎರಡನೆಯದನ್ನು ಮಾಡಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾವು ಹೇಳುವ ಮಾತಿನಲ್ಲೂ ಈ ಎರಡೂ ಇರಬೇಕಲ್ಲವೆ: ಸುಖವಾಗಿರು, ಆಗದಿದ್ದರೆ ಅವತ್ತೇ ಬಾ, ಬೈಯುವುದಿಲ್ಲ.