ಮರಿ ಒಡೆಯದ ಮಡಕೆ

ಗೆಳೆಯನೊಬ್ಬನ ಪುಟ್ಟ ಇಂಗ್ಲಿಷ್ ಕಾರ್ಟೂನಿಗೆ ಕನ್ನಡದ ಮಾತು ಕೂರಿಸೋ ಕೆಲಸ ನನ್ನ ಪಾಲಿಗೆ ಬಂತು. ಮಡಕೆ ಒಡೆದುಹೋಗಿ ಅಮ್ಮ ಕರಡಿ ಅಳ್ತಿದೆ. ಒಡೆದದ್ದು ದೊಡ್ಡ ಮರಿ. ಏನೂ ಮಾಡದ ಚಿಕ್ಕ ಮರಿ ಹತ್ತಿರ ಬಂದು ‘ಐಮ್ ಸಾರಿ, ಮಾಮ್’ ಅನ್ನುತ್ತೆ.

ಡಬ್ಬಿಂಗಿನಲ್ಲಿ ಮೊದಲು ನೋಡೋದು ತುಟಿ ಮುಚ್ಚುವ ಜಾಗ. ಪ, ಬ, ಮ ಅನ್ನೋವಾಗ ತುಟಿ ಮುಚ್ಚಲೇಬೇಕು. ಮಿಕ್ಕ ಅಕ್ಷರ ಹೆಚ್ಚುಕಮ್ಮಿಯಾದರೂ ಕಣ್ಣು ಸುಮ್ಮನಿರುತ್ತೆ. ನಾನು ‘ತಪ್ಪಾಯ್ತಮ್ಮ’ ಅಂತ ಬರೆದೆ. ‘ಐಮ್’ ಮುಚ್ಚುವಲ್ಲಿ ‘ಪ್ಪ’, ‘ಮಾಮ್’ ಮುಗಿಯುವಲ್ಲಿ ‘ಮ್ಮ’. ಅಚ್ಚುಕಟ್ಟಾಗಿ ಕೂತಿತು.

ಅಕ್ಕನ ಮಗಳಿಗೆ ತೋರಿಸಿದೆ. “ಮಾಮ, ಒಡೆದಿದ್ದು ಇದಲ್ವಲ್ಲ? ಮತ್ಯಾಕೆ ತಪ್ಪಾಯ್ತು ಅಂತಿದೆ?” ಅಂದಳು.

ಹೌದಲ್ಲ! ಇಂಗ್ಲಿಷಿನ ಸಾರಿ ತಪ್ಪೊಪ್ಪಿಗೆಗೂ ಆಗುತ್ತೆ, ಸಂಕಟಕ್ಕೂ ಆಗುತ್ತೆ. ನಮ್ಮೂರಲ್ಲಿ ತಪ್ಪಾಯ್ತು ಅಂದರೆ ‘ನಾನೇ ಮಾಡಿದೆ’ ಅಂತಲೇ ಅರ್ಥ. ತುಟಿಗೆ ನಿಯತ್ತಾಗಿರೋಕೆ ಹೋಗಿ ಮರಿಯ ಮೇಲೆ ಸುಳ್ಳು ಅಪವಾದ ಹೊರಿಸಿದ್ದೆ. (ಟೆಸ್ಟೆಲ್ಲ ಪಾಸಾಗಿ ಲೆಕ್ಕ ಮಾತ್ರ ತಪ್ಪು ಬರೋ ಕೋಡ್ ನಾನು ಬರೆದಿಲ್ಲವೇ?)

‘ಬೇಜಾರಾಯ್ತಮ್ಮ’ ಸರಿಯಾದ ಮಾತು. ಆದರೆ ಮರಿಯ ಬಾಯಿ ಮೊದಲು ತೆರೆದು ಆಮೇಲೆ ಮುಚ್ಚುತ್ತೆ. ‘ಬೇ’ ಶುರುವಾಗೋದೇ ಮುಚ್ಚಿದ ತುಟಿಯಿಂದ. ಸೆಕೆಂಡಿಗೆ 24 ಫ್ರೇಮಿನ ಚಿತ್ರ ಅದು. ದನಿಯನ್ನು 5 ಫ್ರೇಮ್ ತಡಮಾಡಿ, ತೆರೆದ ಬಾಯಿಗೆ ಬಿಕ್ಕುವಂಥ ಉಸಿರು ಸೇರಿಸಿದೆ. ಆದರೂ ಕೊನೆಯ ‘ಅ’ ಬಾಯಿ ಮುಚ್ಚಿದ ಮೇಲೆ 2 ಫ್ರೇಮ್ ಕೇಳಿಸುತ್ತೆ.

“ಮೊದಲಿನದೇ ಚೆನ್ನಾಗಿ ಕೂತಿತ್ತು ಕಣೋ” ಅಂದ ಗೆಳೆಯ. ಕೂತಿತ್ತು, ನಿಜ. ಆ 2 ಫ್ರೇಮನ್ನು ಹಾಗೇ ಬಿಟ್ಟೆ.