ಅಕ್ಕನ ಮೆಸೇಜಿಗೆ ಏನಂತ ಉತ್ತರ ಬರೆಯೋದು?

ಕಷ್ಟ ಬಗೆಹರಿಸೋಕೆ ಆಗದವನು ಆಡುವ ಸಮಾಧಾನದ ಮಾತಿಗೆ ಬೆಲೆ ಇದೆಯಾ? ಅಥವಾ ಅದು ಬರೀ ಬಾಯುಪಚಾರವಾ?

ನನ್ನ ಅಕ್ಕ ಇರೋದು ಶಿವಮೊಗ್ಗದಲ್ಲಿ. ಅವಳ ಅತ್ತೆಗೆ ಸ್ಟ್ರೋಕ್ ಆಗಿ ಎಡಭಾಗದ ಸ್ವಾಧೀನ ತಪ್ಪಿ ಐದು ತಿಂಗಳಾಗಿತ್ತು. ಒಂದು ರಾತ್ರಿ ಹನ್ನೊಂದೂವರೆಗೆ ಮೂರು ಸ್ಕ್ರೀನ್ ಉದ್ದದ ಮೆಸೇಜು ಕಳಿಸಿದಳು. ಹೋಂ ನರ್ಸ್ ಬಿಟ್ಟು ಹೋಗಿದ್ದು, ಭಾವ ವಾರದಲ್ಲಿ ನಾಲ್ಕು ದಿನ ಟೂರಿನಲ್ಲಿರೋದು, ಬೆನ್ನಿಗೆ ಹುಣ್ಣಾಗಬಾರದು ಅಂತ ರಾತ್ರಿಯಿಡೀ ಎರಡೆರಡು ಗಂಟೆಗೆ ಎದ್ದು ಅತ್ತೆಯ ಮಗ್ಗುಲು ಬದಲಿಸೋದು. ಜೊತೆಗೆ ಪುಣೆಯ ನಾದಿನಿ ವಿಡಿಯೋ ಕಾಲಿನಲ್ಲಿ ಕೇಳಿದ್ದು: ‘ಮಾತ್ರೆ ಟೈಮಿಗೆ ಸರಿಯಾಗಿ ಕೊಡ್ತಿದೀರಾ ಅತ್ತಿಗೆ?’ ಕೊನೇ ಸಾಲು: ‘ನಿಂಗ್ಯಾಕೆ ಹೇಳ್ತಿದೀನೋ ಗೊತ್ತಿಲ್ಲ ಕಣೋ. ಓದಿ ಡಿಲೀಟ್ ಮಾಡು.’

ಇಂಥ ಮೆಸೇಜ್ ಓದಿದಾಗ ಬೆರಳು ತಾನಾಗೇ ಸಲಹೆ ಟೈಪ್ ಮಾಡೋಕೆ ಹೋಗುತ್ತೆ. ‘ಬೇರೆ ಏಜೆನ್ಸಿಗೆ ಕೇಳು’, ‘ಭಾವಂಗೆ ಖಡಾಖಂಡಿತವಾಗಿ ಹೇಳು’. ಐದು ತಿಂಗಳಿಂದ ಅದರಲ್ಲೇ ಮುಳುಗಿರೋಳಿಗೆ ಇದು ಹೊಳೆದಿರಲ್ವಾ? ಆ ಸಲಹೆಯಿಂದ ಹಗುರಾಗೋದು ನನ್ನ ಅಸಹಾಯಕತೆ, ಅವಳ ರಾತ್ರಿ ಅಲ್ಲ. ಮೇಲಾಗಿ ಯಾಕೆ ಅದೆಲ್ಲ ಆಗಲ್ಲ ಅಂತ ನನಗೆ ವಿವರಿಸೋ ಕೆಲಸ ಬೇರೆ ಅವಳ ತಲೆಗೇ ಬೀಳುತ್ತೆ.

ನಾದಿನಿಯನ್ನು ಬೈಯೋದೂ ಸುಲಭ. ಆದರೆ ಅಕ್ಕ ನಾಳೆ ಅದೇ ಮನೆಯಲ್ಲಿ ಬಾಳಬೇಕು. ಅವಳು ಬೈದು ಮರೆಯಬಹುದು. ನಾನು ಬರೆದದ್ದು ಫೋನಿನಲ್ಲಿ ಉಳಿಯುತ್ತೆ.

ಹಾಗಾಗಿ ಅವತ್ತು ರಾತ್ರಿ ಒಂದೇ ಸಾಲು ಕಳಿಸಿದೆ: ‘ಪೂರ್ತಿ ಓದಿದೆ ಅಕ್ಕ. ಬೆಳಿಗ್ಗೆ ಬರೀತೀನಿ.’ ನೀಲಿ ಟಿಕ್ ನೋಡಿಕೊಂಡು ಅವಳು ಕಾಯಬಾರದಲ್ಲ. ಬೆಳಿಗ್ಗೆ ಮತ್ತೊಮ್ಮೆ ಓದಿದಾಗ ಕಂಡಿದ್ದೇನಂದ್ರೆ, ಉದ್ದಕ್ಕೆ ಬರೆದಿದ್ದು ನಿದ್ದೆಯ ಬಗ್ಗೆ, ಚುಚ್ಚಿದ್ದು ಮಾತ್ರೆಯ ಪ್ರಶ್ನೆ. ದೊಡ್ಡ ಕಷ್ಟವನ್ನ ಅವಳು ಹೊತ್ತುಕೊಂಡಿದ್ದಳು. ಹೊತ್ತಿದ್ದನ್ನ ಯಾರೂ ನೋಡಲಿಲ್ಲ, ಲೆಕ್ಕ ಮಾತ್ರ ಕೇಳಿದರು ಅನ್ನೋದನ್ನ ಹೊರೋಕೆ ಆಗಿರಲಿಲ್ಲ. ನಾನು ಬರೆದದ್ದು ಇಷ್ಟು:

‘ಅಕ್ಕ, ರಾತ್ರಿಯೆಲ್ಲಾ ಎದ್ದೆದ್ದು ನೋಡ್ಕೊಂಡೋಳಿಗೆ ಮಾತ್ರೆ ಸರಿಯಾಗಿ ಕೊಟ್ರಾ ಅಂತ ಕೇಳಿದ್ರೆ ಹೆಂಗಾಗ್ಬೇಕು. ಇದಕ್ಕೆ ನನ್ನ ಹತ್ರ ದಾರಿ ಇಲ್ಲ. ಆದ್ರೆ ನೀನು ಮಾಡ್ತಿರೋದು ನಂಗೆ ಗೊತ್ತು. ಶನಿವಾರ ಬರ್ತೀನಿ. ಆ ರಾತ್ರಿ ಅತ್ತೆ ರೂಮಲ್ಲಿ ನಾನು ಮಲಗ್ತೀನಿ, ನೀನು ಬಾಗಿಲು ಹಾಕ್ಕೊಂಡು ನಿದ್ದೆ ಮಾಡು.’

ಇದರಲ್ಲಿರೋದು ಮೂರೇ ವಿಷಯ. ಅವಳದೇ ವಿವರ ಹಿಡಿದು ನೋವನ್ನ ಗುರುತಿಸಿದ್ದು. ದಾರಿ ಇಲ್ಲ ಅಂತ ಒಪ್ಪಿಕೊಂಡಿದ್ದು; ‘ಎಲ್ಲಾ ಸರಿಹೋಗುತ್ತೆ’ ಅನ್ನೋದು ನನಗೆ ಗೊತ್ತಿಲ್ಲದ ಮಾತು, ಅದಕ್ಕೇ ಬರೆಯಲಿಲ್ಲ. ಮತ್ತೆ, ದಿನ ಹೇಳಿದ ಒಂದು ಸಣ್ಣ ಕೆಲಸ. ‘ಏನಾದ್ರೂ ಬೇಕಾದ್ರೆ ಹೇಳು’ ಅಂದರೆ ಕೇಳೋ ಮುಜುಗರ ಅವಳ ಪಾಲಿಗೆ ಹೋಗುತ್ತೆ.

ಉತ್ತರ ತಲುಪಿತಾ ಇಲ್ವಾ ಅಂತ ತಿಳಿಯೋದು ಕಷ್ಟವಲ್ಲ. ‘ಹ್ಞೂಂ, ಸರಿ ಬಿಡು’ ಅಂತ ಬಂದು ಒಂದು ಹೆಬ್ಬೆರಳು ಬಿದ್ದರೆ ತಲುಪಿಲ್ಲ. ಇನ್ನೊಂದಿಷ್ಟು ಹೇಳಿದರೆ, ಅಥವಾ ‘ಬರುವಾಗ ಚಕ್ಕುಲಿ ತಗೊಂಡ್ಬಾ’ ಅಂತ ಮಾತು ಬದಲಿಸಿದರೆ ತಲುಪಿದೆ.

ಕೇಳಿಸಿಕೊಳ್ಳೋದಕ್ಕೂ ಮಿತಿ ಇದೆ. ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ಶಾಲಾ ವಯಸ್ಸಿನ ಗೆಳೆಯ ಗೆಳತಿಯರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರೂ ಸೇರಿ ಒಂದೇ ತೊಂದರೆಯನ್ನ ಮತ್ತೆ ಮತ್ತೆ ಕೆದಕೋ ಕಡೆ ಸ್ನೇಹವೂ ಗಾಢವಾಗಿತ್ತು, ಖಿನ್ನತೆ ಆತಂಕಗಳೂ ಹೆಚ್ಚಿದ್ದವು. ಅದೇ ಮಾತು ನಾಲ್ಕನೇ ಸಲ ಬಂದಾಗ ನಾಲ್ಕನೇ ಸಲ ‘ಪಾಪ’ ಅನ್ನೋ ಬದಲು ‘ಇದರಲ್ಲಿ ಯಾವುದು ಒಂದು ಕಮ್ಮಿಯಾದ್ರೆ ಉಸಿರಾಡ್ತೀಯ?’ ಅಂತ ಕೇಳಬಹುದು. ‘ಬದುಕೋದೇ ಬೇಡ ಅನ್ಸತ್ತೆ’ ಅನ್ನೋ ಅರ್ಥ ಎಲ್ಲಾದರೂ ಕಂಡರೆ ಮಾತ್ರ ಟೈಪ್ ಮಾಡ್ತಾ ಕೂರಬಾರದು. ತಕ್ಷಣ ಫೋನ್ ಮಾಡಬೇಕು, ಹತ್ತಿರ ಇರೋರನ್ನ ಕಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತೆ.

ಇನ್ನು ಮೊದಲಿನ ಪ್ರಶ್ನೆ. ಸಮಾಧಾನದ ಮಾತು ಬಾಯುಪಚಾರ ಆಗೋದು ಪರಿಹಾರ ಇಲ್ಲದಾಗ ಅಲ್ಲ. ನನ್ನಿಂದ ಆಗೋ ಒಂದು ಕೆಲಸ ಇದ್ದು, ಅದಕ್ಕೆ ರಜೆಯೋ ದುಡ್ಡೋ ನಿದ್ದೆಯೋ ಖರ್ಚಾಗುತ್ತೆ ಅಂತ ಅದನ್ನ ಬಿಟ್ಟು ಮಾತು ಮಾತ್ರ ಕಳಿಸಿದಾಗ. ಅತ್ತೆಯ ಎಡಗೈಗೆ ಬಲ ತರೋದು ನನ್ನಿಂದಾಗಲ್ಲ. ಶನಿವಾರದ ಬಸ್ಸು ಆಗುತ್ತೆ. ಎರಡಕ್ಕೂ ನಡುವಿನ ಗೆರೆಯನ್ನ ಸುಳ್ಳಿಲ್ಲದೆ ಎಳೆದುಕೊಂಡವನು ‘ನನ್ನ ಹತ್ರ ದಾರಿ ಇಲ್ಲ’ ಅಂತ ಬರೆಯೋಕೆ ನಾಚಬೇಕಾಗಿಲ್ಲ.