ಗೊತ್ತಿದ್ದಷ್ಟನ್ನೇ ಹೇಳುವ ಶುಭಾಶಯ

ಧಾರವಾಡದಲ್ಲಿ ಕನ್ನಡಕದ ಅಂಗಡಿ ನಡೆಸುವ ನನ್ನ ಗೆಳತಿಯ ಬಳಿ ಎರಡು ಸಾವಿರಕ್ಕೂ ಹೆಚ್ಚು ಗಿರಾಕಿಗಳ ಮೊಬೈಲ್ ನಂಬರುಗಳಿವೆ. ಬಿಲ್ ಮಾಡುವಾಗ ಹೆಸರು, ನಂಬರು ಬರೆದುಕೊಳ್ಳುವುದು ರೂಢಿ. ಒಂದು ವರ್ಷಾಂತ್ಯಕ್ಕೆ ಎಲ್ಲರಿಗೂ ಶುಭಾಶಯ ಕಳಿಸೋಣ ಎಂದುಕೊಂಡಳು. ಅಂಗಡಿಯ ಹುಡುಗ ಉತ್ಸಾಹದಿಂದ ಕೂತು ಹೆಸರುಗಳನ್ನೆಲ್ಲ ಮೂರು ಪಟ್ಟಿ ಮಾಡಿದ. ಕ್ರೈಸ್ತರದೆಂದು ತೋರಿದ ಹೆಸರುಗಳಿಗೆ ಕ್ರಿಸ್‌ಮಸ್ ಶುಭಾಶಯ ಹೋಯಿತು. ಹಿಂದೂಗಳದೆಂದು ತೋರಿದ ಹೆಸರುಗಳಿಗೆ ಹೊಸ ವರ್ಷದ ಜೊತೆಗೆ ವೈಕುಂಠ ಏಕಾದಶಿಯ ಶುಭಾಶಯವೂ ಹೋಯಿತು. ಮುಸ್ಲಿಮರದೆಂದು ತೋರಿದ ಹೆಸರುಗಳಿಗೆ, ಆ ದಿನಗಳಲ್ಲಿ ಅವರ ಹಬ್ಬ ಯಾವುದೂ ಇಲ್ಲವಲ್ಲ ಎಂದು, ಏನೂ ಹೋಗಲಿಲ್ಲ.

ವಾರ ಕಳೆದ ಮೇಲೆ ನಿವೃತ್ತ ಮೇಷ್ಟರೊಬ್ಬರು ಅಂಗಡಿಗೆ ಬಂದರು. ಅಡ್ಡಹೆಸರು ಪಾಟೀಲ. ಅವರೂ ಅವರ ಹೆಂಡತಿಯೂ ಒಂದೇ ದಿನ, ಒಂದೇ ಬಿಲ್ ಪುಸ್ತಕದ ಹಿಂದುಮುಂದಿನ ಹಾಳೆಗಳಲ್ಲಿ ಕನ್ನಡಕ ಮಾಡಿಸಿಕೊಂಡವರು. ಮೇಷ್ಟರಿಗೆ ವೈಕುಂಠ ಏಕಾದಶಿಯ ಶುಭಾಶಯ ಬಂದಿತ್ತು. ಹೆಂಡತಿಯ ಹೆಸರು ಕೇಳಿದ ಕೂಡಲೇ ಮುಸ್ಲಿಮರೆಂದು ತಿಳಿಯುವಂಥದ್ದು. ಅವರಿಗೆ ಏನೂ ಬಂದಿರಲಿಲ್ಲ. "ನನಗ ಬಂದದ್ದಕ್ಕ ಬ್ಯಾಸರಿಲ್ಲ ತಂಗಿ," ಎಂದರು ಮೇಷ್ಟರು. "ಹೆಸರು ನೋಡಿ ಮಂದೀನ ಬ್ಯಾರೆ ಬ್ಯಾರೆ ಮಾಡಿ ಇಟ್ಟೀರಿ ಅಂತ ತಿಳೀತಲ್ಲ, ಅದು ಮನಸಿಗೆ ಹತ್ತಿತು."

ಗೆಳತಿ ನನಗಿದನ್ನು ಹೇಳುವಾಗ ಅವಳ ದನಿ ಇಳಿದಿತ್ತು. ಯಾರನ್ನೂ ನೋಯಿಸುವ ಉದ್ದೇಶ ಅಲ್ಲಿ ಇರಲಿಲ್ಲ. ಎಲ್ಲರಿಗೂ ಅವರವರ ಹಬ್ಬದ ಶುಭಾಶಯ ಹೇಳಬೇಕೆಂಬ ಒಳ್ಳೆಯ ಆಸೆಯೇ ಒಂದು ಮನೆಯ ಗಂಡ ಹೆಂಡಿರನ್ನು ಎರಡು ಪಟ್ಟಿಗೆ ಹಾಕಿತ್ತು.

ನಮ್ಮ ನಾಡಿನಲ್ಲಿ ಹೆಸರು ಎಷ್ಟೋ ಸಲ ಧರ್ಮವನ್ನು ಹೇಳುವುದಿಲ್ಲ. ಪಾಟೀಲ, ದೇಸಾಯಿ, ಇನಾಮದಾರ ಎಂಬವು ಹಳೆಯ ಕಾಲದ ಹುದ್ದೆ, ಹಕ್ಕುಗಳಿಂದ ಬಂದ ಹೆಸರುಗಳು. ಉತ್ತರ ಕರ್ನಾಟಕದಲ್ಲಿ ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಕರಾವಳಿಯಲ್ಲಿ ಬಲ್ಲಾಳ ಎಂದರೆ ಜೈನರೂ ಆಗಬಹುದು, ಬಂಟರೂ ಆಗಬಹುದು. ಆಶಾ, ಪ್ರಕಾಶ, ಸುನೀಲ ಎಂಬ ಹೆಸರಿನ ಕ್ರೈಸ್ತರು ಮಂಗಳೂರಿನಲ್ಲಿ ಬೇಕಾದಷ್ಟು ಮಂದಿ. ಹೆಸರಿನಿಂದ ಧರ್ಮ ಸರಿಯಾಗಿ ತಿಳಿದರೂ ಹಬ್ಬ ತಿಳಿದಂತಾಗಲಿಲ್ಲ. ಯೆಹೋವನ ಸಾಕ್ಷಿಗಳು ಕ್ರಿಸ್ತನನ್ನು ನಂಬುವವರೇ, ಆದರೆ ಕ್ರಿಸ್‌ಮಸ್ ಆಚರಿಸುವುದಿಲ್ಲ. ವೈಕುಂಠ ಏಕಾದಶಿಗೆ ಉಪವಾಸ ಮಾಡಿ ದೇವಸ್ಥಾನದ ಸಾಲಿನಲ್ಲಿ ನಿಲ್ಲುವ ಮನೆಗಳಿವೆ. ಆ ದಿನ ಬಂದದ್ದೂ ಹೋದದ್ದೂ ತಿಳಿಯದ ಹಿಂದೂ ಮನೆಗಳೂ ಅಷ್ಟೇ ಇವೆ. ಯಾವ ಹಬ್ಬವನ್ನೂ ಮಾಡದವರೂ ನಮ್ಮ ನಡುವೆ ಇದ್ದಾರೆ, ಅವರಿಗೂ ಕನ್ನಡಕ ಬೇಕು.

ಈ ಸಲ ಪಟ್ಟಿಯನ್ನು ಒಡೆಯುವುದೇ ಬೇಡ, ಎಲ್ಲರಿಗೂ ಒಂದೇ ಒಕ್ಕಣೆ ಎಂದು ಗೆಳತಿ ತೀರ್ಮಾನಿಸಿದಳು. ಬರೆದು ನನಗೆ ತೋರಿಸಿದ ಮೊದಲ ಕರಡು ಹೀಗಿತ್ತು: "ಹಬ್ಬಗಳ ಈ ಸಡಗರದಲ್ಲಿ ನಿಮಗೂ ನಿಮ್ಮ ಕುಟುಂಬಕ್ಕೂ ಹೊಸ ವರ್ಷದ ಹಾರ್ದಿಕ ಶುಭಾಶಯಗಳು. ಮನೆಮಂದಿಯೆಲ್ಲ ಸಂಭ್ರಮಿಸಿ!" ಓದುವುದಕ್ಕೆ ಚೆನ್ನಾಗಿದೆ. ಆದರೂ ಇಬ್ಬರೂ ಕೂತು ಒಂದೊಂದೇ ಮಾತನ್ನು ಎತ್ತಿ ನೋಡಿದೆವು.

"ಹಬ್ಬಗಳ ಸಡಗರ" ಎನ್ನುವುದು ಅಮೆರಿಕದ ಅಂಗಡಿಗಳ ಡಿಸೆಂಬರಿನಿಂದ ಬಂದ ಮಾತು. ಅಲ್ಲಿ ಕ್ರಿಸ್‌ಮಸ್, ಯಹೂದಿಗಳ ಹನುಕ್ಕಾ, ಆಫ್ರಿಕನ್ ಅಮೆರಿಕನ್ನರ ಕ್ವಾನ್ಜಾ ಎಲ್ಲ ಹತ್ತಿರಹತ್ತಿರ ಬರುತ್ತವೆ, ರಜೆಯೂ ಇರುತ್ತದೆ. ಅಲ್ಲಿನವರು ಎಲ್ಲವನ್ನೂ ಸೇರಿಸಿ ರಜೆಯ ಶುಭಾಶಯ ಎಂದರೆ ಅದಕ್ಕೆ ಅರ್ಥವಿದೆ. ಧಾರವಾಡದ ಬಹಳಷ್ಟು ಮನೆಗಳಿಗೆ ಡಿಸೆಂಬರ್ ಕೊನೆ ಎಂದರೆ ಚಳಿ, ಮಕ್ಕಳ ಪರೀಕ್ಷೆಯ ತಯಾರಿ ಮತ್ತು ಎಂದಿನ ಕೆಲಸ. ಇರದ ಸಡಗರವನ್ನು ಇದೆ ಎಂದು ಹೇಳಿದರೆ ಅದು ನಮ್ಮ ಮಾತಾಗುವುದಿಲ್ಲ.

"ಹೊಸ ವರ್ಷ" ಎಂಬುದರಲ್ಲೂ ಒಂದು ತೊಡಕಿದೆ. ಬಹಳ ಮಂದಿಗೆ ಹೊಸ ವರ್ಷ ಯುಗಾದಿ; 2026ರಲ್ಲಿ ಅದು ಮಾರ್ಚ್ 19ಕ್ಕೆ. ಜೈನರ ವೀರ ನಿರ್ವಾಣ ಸಂವತ್ಸರ ದೀಪಾವಳಿಯ ಮರುದಿನ ಶುರುವಾಗುತ್ತದೆ. ಹಿಜರಿ ವರ್ಷದ ಮೊದಲ ತಿಂಗಳು ಮೊಹರಂ. ಆ ಪಂಚಾಂಗ ಚಂದ್ರನನ್ನೇ ನಂಬಿ ನಡೆಯುವುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಜನವರಿ 1 ನಮ್ಮ ಹೊಸ ವರ್ಷ ಹೌದೋ ಅಲ್ಲವೋ ಎಂಬ ವಾದ ಪ್ರತಿ ಸಲವೂ ಏಳುತ್ತದೆ. ಆ ವಾದದಲ್ಲಿ ಅಂಗಡಿ ಒಂದು ಕಡೆ ನಿಲ್ಲಬೇಕಾದ್ದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ 2025 ಮುಗಿದು 2026 ಬರುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹಾಗಾಗಿ ಇಸವಿಯ ಅಂಕಿ ಬರೆದರೆ ಸಾಕು.

ಕೊನೆಯ ಮಾತು "ಸಂಭ್ರಮಿಸಿ". ನಾವು ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಎರಡು ಸಾವಿರ ಮನೆಗಳೆಂದರೆ ಆ ವರ್ಷ ಸಾವು ಕಂಡ ಮನೆಗಳೂ ಇರುತ್ತವೆ. ತೀರಿಕೊಂಡವರ ಮನೆಯಲ್ಲಿ ವರ್ಷದೊಳಗೆ ಹಬ್ಬ ಮಾಡಬಾರದೆಂಬ ನಡಾವಳಿ ನಮ್ಮಲ್ಲಿ ಎಷ್ಟೋ ಕಡೆ ಇದೆ. ಅಂಥ ಮನೆಯ ಫೋನಿನಲ್ಲಿ "ಮನೆಮಂದಿಯೆಲ್ಲ ಸಂಭ್ರಮಿಸಿ" ಎಂದು ಮೂಡಿದರೆ ಅದನ್ನು ಓದುವವರ ಪಾಡೇನು? ತೀರಿಕೊಂಡವರ ನಂಬರೇ ಪಟ್ಟಿಯಲ್ಲಿದ್ದು, ಅವರ ಫೋನು ಈಗ ಮಗಳ ಕೈಯಲ್ಲಿರಬಹುದು. ಒಬ್ಬರೇ ಬದುಕುವವರಿಗೆ "ನಿಮ್ಮ ಕುಟುಂಬಕ್ಕೂ" ಎಂಬ ಮಾತೂ ಚುಚ್ಚೀತು. ಒಳಿತನ್ನು ಮಾತ್ರ ಎಲ್ಲ ಮನೆಗೂ ಹಾರೈಸಬಹುದು, ದುಃಖದಲ್ಲಿರುವವರಿಗೆ ತುಸು ಹೆಚ್ಚೇ.

ಇಷ್ಟೆಲ್ಲ ತೆಗೆದ ಮೇಲೆ ಹೇಳುವುದಕ್ಕೆ ಏನು ಉಳಿಯಿತು? ಅಂಗಡಿಗೆ ಗಿರಾಕಿಯ ಬಗ್ಗೆ ಖಚಿತವಾಗಿ ಗೊತ್ತಿರುವ ಸಂಗತಿ ಒಂದೇ: ಅವರು ಅಂಗಡಿಗೆ ಬಂದಿದ್ದರು. ಅದಕ್ಕೆ ಕೃತಜ್ಞತೆ ಹೇಳಬಹುದು. ಹೀಗೆ ಕೊನೆಯ ಒಕ್ಕಣೆ ಸಿದ್ಧವಾಯಿತು: "ಈ ವರ್ಷ ನಮ್ಮ ಅಂಗಡಿಗೆ ಬಂದಿದ್ದಕ್ಕೆ ಧನ್ಯವಾದ. 2026 ನಿಮಗೆ ಒಳಿತು ತರಲಿ."

ಇದು ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಯುತ್ತದೆ. ಇಂಗ್ಲಿಷ್ ಲಿಪಿಯಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳ ಎಣಿಕೆ ಬೇರೆ ಬೇರೆ. "ವರ್ಷ" ಕಣ್ಣಿಗೆ ಎರಡಕ್ಷರ, ಲೆಕ್ಕದಲ್ಲಿ ನಾಲ್ಕು. ಮೇಲಿನ ಒಕ್ಕಣೆ ಜಾಗಗಳೂ ಸೇರಿ 63ಕ್ಕೆ ನಿಂತಿತು. ಹಬ್ಬಗಳನ್ನೆಲ್ಲ ಸಾಲಾಗಿ ಹೆಸರಿಸಲು ಹೊರಟಿದ್ದರೆ ಎರಡು ಮೂರು ಎಸ್‌ಎಂಎಸ್‌ಗಳ ದುಡ್ಡು ತೆರಬೇಕಿತ್ತು, ಆಮೇಲೂ ಯಾರದೋ ಹಬ್ಬ ಬಿಟ್ಟುಹೋಗುತ್ತಿತ್ತು. ವ್ಯಾಪಾರಿಗಳು ಕಳಿಸುವ ಎಸ್‌ಎಂಎಸ್‌ನ ಒಕ್ಕಣೆಯನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮುಂಚೆಯೇ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು, ಕೊನೆ ಗಳಿಗೆಯಲ್ಲಿ ತಿದ್ದುವಂತಿಲ್ಲ. ಆದ್ದರಿಂದ ಈ ಯೋಚನೆಯನ್ನೆಲ್ಲ ಡಿಸೆಂಬರ್ ಶುರುವಿಗೇ ಮಾಡಿಕೊಳ್ಳಬೇಕು. ಕಳಿಸುವ ಮುನ್ನ ಇನ್ನೊಂದು ಕೆಲಸವಿತ್ತು. "ಈ ವರ್ಷ ಬಂದಿದ್ದಕ್ಕೆ" ಎಂದ ಮೇಲೆ ಆ ವರ್ಷದ ಬಿಲ್ಲುಗಳ ನಂಬರುಗಳನ್ನಷ್ಟೇ ಆರಿಸಿಕೊಳ್ಳಬೇಕು. ಮೂರು ವರ್ಷದ ಹಿಂದೆ ಬಂದವರಿಗೆ ಆ ಮಾತು ಸುಳ್ಳಾಗುತ್ತದೆ.

ವಾಟ್ಸ್ಆ್ಯಪ್‌ಗೆಂದು ಅದೇ ಮಾತಿಗೆ ಒಂದು ಚಿತ್ರ ಮಾಡಿಸಿದಾಗ ಚಿತ್ರ ಬರೆಯುವವರು ಮೂಲೆಯಲ್ಲಿ ಅಲಂಕರಿಸಿದ ಮರವನ್ನೂ ಕೆಳಗೆ ದೀಪದ ಸಾಲನ್ನೂ ಇಟ್ಟುಕೊಟ್ಟರು. ಮಾತು ಬಿಟ್ಟದ್ದನ್ನು ಚಿತ್ರ ಮತ್ತೆ ಹೇಳಿಬಿಟ್ಟಿತ್ತು. ಓಂ, ಶಿಲುಬೆ, ಅರ್ಧಚಂದ್ರ ಮೂರನ್ನೂ ಒಟ್ಟಿಗೆ ಇಟ್ಟರಾಯಿತಲ್ಲ ಎಂಬ ಸಲಹೆಯೂ ಬಂತು. ಇಷ್ಟಲಿಂಗ ಕಟ್ಟಿಕೊಂಡವರು, ಬೌದ್ಧರು, ಸಿಖ್ಖರು ಆ ಮೂರರಲ್ಲಿ ತಮ್ಮನ್ನು ಎಲ್ಲಿ ಕಾಣಬೇಕು? ಕೊನೆಗೆ ಆ ಅಂಗಡಿಯ ಬಾಗಿಲು, ಗಾಜಿನ ಹಿಂದೆ ಜೋಡಿಸಿಟ್ಟ ಕನ್ನಡಕಗಳು ಇರುವ ಫೋಟೊವನ್ನೇ ಹಾಕಿದರು. ಗಿರಾಕಿಗಳು ನಿಜವಾಗಿ ಕಂಡಿದ್ದು ಅದನ್ನೇ.

ಹಾಗಾದರೆ ಕ್ರಿಸ್‌ಮಸ್ ಶುಭಾಶಯವನ್ನೇ ಹೇಳಬಾರದೆ? ಖಂಡಿತ ಹೇಳಬೇಕು. ಇಪ್ಪತ್ತು ವರ್ಷದಿಂದ ಬರುವ ಗಿರಾಕಿ ಚರ್ಚಿನಿಂದ ನೇರವಾಗಿ ಅಂಗಡಿಗೆ ಬಂದಾಗ ಕೈ ಕುಲುಕಿ ಶುಭಾಶಯ ಹೇಳುವುದು ಪರಿಚಯ, ಅಲ್ಲಿ ಊಹೆಯ ಮಾತೇ ಇಲ್ಲ. ಗೊತ್ತಿಲ್ಲದವರ ವಿಷಯದಲ್ಲಿ ಒಂದು ದಾರಿಯಿದೆ, ಅವರನ್ನೇ ಕೇಳುವುದು. ಈಗ ಗೆಳತಿಯ ಬಿಲ್ ಚೀಟಿಯ ಕೆಳಗೆ "ಯಾವ ಹಬ್ಬಕ್ಕೆ ನಮ್ಮ ಶುಭಾಶಯ ಬರಲಿ?" ಎಂಬ ಸಾಲಿದೆ. ಅದರ ಕೆಳಗೆ ಹಬ್ಬಗಳ ಹೆಸರು, ತಾವೇ ಬರೆಯಲು ಖಾಲಿ ಜಾಗ, ಕೊನೆಗೆ "ಯಾವುದೂ ಬೇಡ". ಧರ್ಮ ಯಾವುದೆಂದು ಅಲ್ಲಿ ಕೇಳಿಲ್ಲ, ಕೇಳುವ ಅಗತ್ಯವೂ ಇಲ್ಲ. ಜನ ನಂಬರು ಕೊಟ್ಟದ್ದು ಕನ್ನಡಕ ತಯಾರಾದಾಗ ತಿಳಿಸಲಿ ಎಂದು. ಯಾವ ಕೆಲಸಕ್ಕೆಂದು ಮಾಹಿತಿ ಕೊಟ್ಟರೋ ಆ ಕೆಲಸಕ್ಕೇ ಅದನ್ನು ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಕೂಡ. ತಾವಾಗಿ ಗುರುತು ಹಾಕಿದವರಿಗೆ ಆ ಹಬ್ಬದ ದಿನ ಶುಭಾಶಯ ಹೋಗುತ್ತದೆ. ವರ್ಷಾಂತ್ಯದ ಧನ್ಯವಾದ ಆ ವರ್ಷ ಬಂದ ಎಲ್ಲರಿಗೂ ಹೋಗುತ್ತದೆ.

ಒಮ್ಮೆ ಸರಿಯಾದ ಒಕ್ಕಣೆಯನ್ನೂ ಪ್ರತಿ ವರ್ಷ ತೆಗೆದು ಓದಬೇಕು. 2026ರ ಕ್ಯಾಲೆಂಡರಿನಲ್ಲಿ ರಂಜಾನ್ ಶುರುವಾಗುವುದು ಫೆಬ್ರವರಿಯಲ್ಲಿ. ಹಿಂದೆ ಸರಿಯುತ್ತಾ 2030ರಲ್ಲಿ ಅದು ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ. ಆಗ ವರ್ಷಾಂತ್ಯಕ್ಕೆ ಮಧ್ಯಾಹ್ನದ ಹೊತ್ತು ಗಿರಾಕಿಗಳನ್ನು ಕೇಕ್ ತಿನ್ನಲು ಕರೆಯುವ ಅಂಗಡಿಯವರು ಉಪವಾಸದಲ್ಲಿರುವವರನ್ನೂ ನೆನೆಯಬೇಕಾಗುತ್ತದೆ.

ಪಾಟೀಲ ಮೇಷ್ಟರು ಚೀಟಿಯಲ್ಲಿ ರಂಜಾನ್, ಯುಗಾದಿ, ದೀಪಾವಳಿ ಮೂರಕ್ಕೂ ಗುರುತು ಹಾಕಿ ಹೋದರು. ಅವರ ಹೆಂಡತಿ ಹಾಕಿದ್ದು ಯುಗಾದಿಗೆ ಮಾತ್ರ. ಯಾವ ಪಟ್ಟಿಯಿಂದಲೂ ಇದನ್ನು ಊಹಿಸಲು ಆಗುತ್ತಿರಲಿಲ್ಲ.